ಲಾಭ ಇದೆ, ದುಡ್ಡು ಎಲ್ಲಿ?

"ಲಾಭ 5 ಲಕ್ಷ, ಬ್ಯಾಂಕಿನಲ್ಲಿ ಏರಿದ್ದು 1 ಲಕ್ಷ. ಉಳಿದ 4 ಲಕ್ಷ ಎಲ್ಲಿ ಹೋಯ್ತು?"

ನಿಮ್ಮ ಎರಡೂ ವರ್ಷದ ಬ್ಯಾಲೆನ್ಸ್ ಶೀಟ್ ಪಕ್ಕಪಕ್ಕ ಇಟ್ಟು ನೋಡಿದೆ. ಲಾಭದಿಂದಲೇ ಶುರು ಮಾಡಿ. ಸವಕಳಿ 60 ಸಾವಿರ ಕೂಡಿಸಿ. ಅದು ಪುಸ್ತಕದಲ್ಲಿ ಮಾತ್ರ ಖರ್ಚು, ಯಾರಿಗೂ ದುಡ್ಡು ಕೊಟ್ಟಿಲ್ಲ ಅಲ್ವಾ? ಗಿರಾಕಿಗಳ ಬಾಕಿ ಮೂರೂವರೆ ಲಕ್ಷ ಏರಿದೆ. ಬಿಲ್ ಬರೆದ ದಿನವೇ ಅದು ಲಾಭಕ್ಕೆ ಸೇರಿತು, ಹಣ ಇನ್ನೂ ಬಂದಿಲ್ಲ. ಕಳೆಯಿರಿ. ಮಾರದೆ ಉಳಿದ ಸರಕು ಒಂದೂವರೆ ಲಕ್ಷ ಜಾಸ್ತಿಯಾಗಿದೆ, ಅಷ್ಟು ದುಡ್ಡು ಸರಕಿನಲ್ಲಿ ಸಿಕ್ಕಿಕೊಂಡಿದೆ. ಅದನ್ನೂ ಕಳೆಯಿರಿ. ನೀವು ಕೊಡಬೇಕಾದ ಬಾಕಿ 40 ಸಾವಿರ ಹೆಚ್ಚಿದೆ. ಅಷ್ಟು ದುಡ್ಡು ನಿಮ್ಮ ಹತ್ತಿರವೇ ಇದೆ, ಕೂಡಿಸಿ. ಸರಿಯಾಗಿ 1 ಲಕ್ಷ ಬರುತ್ತದೆ. ಸಾಲ, ಯಂತ್ರ ಖರೀದಿ, ಮನೆಗೆ ತೆಗೆದ ಹಣ ಯಾವುದೂ ಇಲ್ಲದ್ದರಿಂದ ಬ್ಯಾಂಕಿಗೂ ತಾಳೆಯಾಯಿತು.

ಮುಂದೆ ಹಳೆಯ ಗಾಡಿ ಮಾರಿದರೆ ಅದರ ಲಾಭವನ್ನು ಈ ಲೆಕ್ಕದಲ್ಲಿ ಕಳೆಯಲು ಮರೆಯಬೇಡಿ. ಮಾರಿದ ಪೂರ್ತಿ ಹಣ, ಆ ಲಾಭವೂ ಸೇರಿ, ನಗದು ಹರಿವಿನ ಪಟ್ಟಿಯ ಹೂಡಿಕೆ ಭಾಗದಲ್ಲಿ ಬೇರೆಯಾಗಿ ಬರುತ್ತದೆ. ಮರೆತರೆ ಸರಿಯಾಗಿ ಆ ಲಾಭದಷ್ಟೇ ವ್ಯತ್ಯಾಸ ಕಾಣುತ್ತದೆ.