ಹೀಟ್ ಗೆದ್ದರೂ ಫೈನಲ್‌ನಲ್ಲಿ 2ನೇ ಲೇನ್ ಏಕೆ?

«ಶಿವಮೊಗ್ಗದ ಈಜುಕೂಟದಲ್ಲಿ ನನ್ನ ಮಗಳು ಹೀಟ್‌ನಲ್ಲಿ ಮೊದಲು ಬಂದಳು. ಆದರೂ ಫೈನಲ್‌ನಲ್ಲಿ 2ನೇ ಲೇನ್ ಕೊಟ್ಟರು. ಇದು ಅನ್ಯಾಯವಲ್ಲವೇ?»

ಅನ್ಯಾಯವಲ್ಲ. ಈಜಿನಲ್ಲಿ ಹೀಟ್‌ನ ಸ್ಥಾನಕ್ಕೆ ಬೆಲೆಯಿಲ್ಲ. ಎಲ್ಲ ಹೀಟ್‌ಗಳ ಸಮಯಗಳನ್ನು ಒಂದೇ ಪಟ್ಟಿಯಲ್ಲಿಟ್ಟು ಮೊದಲ ಎಂಟು ಮಂದಿಯನ್ನು ಫೈನಲ್‌ಗೆ ಆರಿಸುತ್ತಾರೆ. ಎಂಟು ಲೇನ್‌ಗಳ ಕೊಳದಲ್ಲಿ ಅತಿ ವೇಗದವರಿಗೆ 4ನೇ ಲೇನ್, ನಂತರದವರಿಗೆ ಕ್ರಮವಾಗಿ 5, 3, 6, 2, 7, 1, 8 ದೊರೆಯುತ್ತವೆ. ಆದ್ದರಿಂದ 2ನೇ ಲೇನ್ ಎಂದರೆ ನಿಮ್ಮ ಮಗಳ ಸಮಯ ಒಟ್ಟಾರೆ ಐದನೆಯದು, ಅಂದರೆ ಬೇರೆ ಹೀಟ್‌ಗಳಲ್ಲಿ ನಾಲ್ವರು ಅವಳಿಗಿಂತ ಬೇಗ ಈಜಿದ್ದಾರೆ. ಫಲಿತಾಂಶದ ಹಾಳೆಯಲ್ಲಿ ಇದನ್ನು ನೀವೇ ಎಣಿಸಿ ನೋಡಬಹುದು.

ಹೀಟ್‌ಗಳನ್ನು ಹಂಚುವುದು ಪ್ರವೇಶಪತ್ರದಲ್ಲಿ ಬರೆದ ಸಮಯದ ಮೇಲೆ. 24 ಮಂದಿಗೆ ಮೂರು ಹೀಟ್‌ಗಳಿದ್ದರೆ ಅತಿ ವೇಗದವರು ಕೊನೆಯ ಹೀಟ್‌ಗೆ, ಎರಡನೆಯವರು ಎರಡನೆಯದಕ್ಕೆ, ಮೂರನೆಯವರು ಮೊದಲನೆಯದಕ್ಕೆ ಹೋಗಿ, ನಾಲ್ಕನೆಯವರು ಮತ್ತೆ ಕೊನೆಯ ಹೀಟ್‌ಗೆ ಬರುತ್ತಾರೆ. ಸಮಯ ಬರೆಯದವರನ್ನು ಅತಿ ನಿಧಾನದವರೆಂದು ಎಣಿಸುವುದರಿಂದ ಅವರಿಗೆ ಅಂಚಿನ ಲೇನ್‌ಗಳೇ ಸಿಗುತ್ತವೆ. ಅಲ್ಲಿ ಗೋಡೆಯಿಂದ ಮರಳುವ ಅಲೆಯ ಕಾಟವೂ, ಮಧ್ಯದ ಸ್ಪರ್ಧಿಗಳು ಕಾಣದ ತೊಂದರೆಯೂ ಇರಬಹುದು. ಹಾಗಾಗಿ ಮುಂದಿನ ಬಾರಿ ಅವಳ ನಿಜವಾದ ಅತ್ಯುತ್ತಮ ಸಮಯವನ್ನು ತಪ್ಪದೆ ಬರೆಯಿರಿ.

ಓಟದ ಪದ್ಧತಿ ಬೇರೆ. ಅಲ್ಲಿ ಸಾಮಾನ್ಯವಾಗಿ ಪ್ರತಿ ಹೀಟ್‌ನ ಮೊದಲ ಕೆಲವರು ಸ್ಥಾನದ ಬಲದಿಂದಲೇ ಮುಂದಿನ ಸುತ್ತಿಗೆ ಹೋಗುತ್ತಾರೆ, ಉಳಿದ ಜಾಗಗಳನ್ನಷ್ಟೇ ಸಮಯ ನೋಡಿ ತುಂಬುತ್ತಾರೆ. 100 ಮೀಟರ್ ಓಟದಲ್ಲಿ ಮೊದಲ ನಾಲ್ವರಿಗೆ 3ರಿಂದ 6ರವರೆಗಿನ ಲೇನ್‌ಗಳು ಮೀಸಲು. ಅವುಗಳೊಳಗೆ ಯಾರಿಗೆ ಯಾವುದು ಎಂಬುದು ಚೀಟಿಯಿಂದ ತೀರ್ಮಾನವಾಗುತ್ತದೆ.