ಸಿಂಕ್ ಸ್ವಿಚ್ ಕೆಳಗಿನ ಎರಡು ಸಾಲು

ಪ್ರಶ್ನೆ: ನಮ್ಮ ಫೋಟೋ ಆ್ಯಪ್‌ಗೆ ಸಿಂಕ್ ಫೀಚರ್ ಬರ್ತಿದೆ. ಸೆಟ್ಟಿಂಗ್ಸ್‌ನಲ್ಲಿ ಸ್ವಿಚ್ ಕೆಳಗೆ ಎರಡು ಸಾಲು ಜಾಗ ಕೊಟ್ಟಿದ್ದಾರೆ. ಎಂಜಿನಿಯರ್ ಬರೆದುಕೊಟ್ಟಿದ್ದು ಯಾರಿಗೂ ಅರ್ಥ ಆಗಲ್ಲ. ಟೆಕ್ನಿಕಲ್ ವಿಷಯ ಗೊತ್ತಿಲ್ಲದವರಿಗೆ ಸಿಂಕ್ ಅಂದ್ರೆ ಏನು ಅಂತ ಅಷ್ಟರಲ್ಲೇ ಹೇಗೆ ಹೇಳೋದು?

ಹೇಳಬೇಡಿ. ಸಿಂಕ್ ಬಗ್ಗೆ ಪಾಠ ಮಾಡುವುದು ಆ ಎರಡು ಸಾಲಿನ ಕೆಲಸ ಅಲ್ಲ. ಫೀಚರ್ ಹೆಸರು ಬದಲಾಗುತ್ತದೆ, ಈ ಪ್ರಶ್ನೆ ಮಾತ್ರ ನನಗೆ ಬರುತ್ತಲೇ ಇರುತ್ತದೆ. ಫೀಚರ್ ಒಳಗೆ ಹೇಗೆ ಓಡುತ್ತದೆ ಅನ್ನುವುದು ಓದುವವರಿಗೆ ಬೇಕಿಲ್ಲ. ಸ್ವಿಚ್ ಒತ್ತಿದ ಮೇಲೆ ತಮ್ಮ ಫೋಟೋಗೆ ಏನಾಗುತ್ತದೆ ಅನ್ನುವುದು ಬೇಕು. ಅದರಲ್ಲೂ ಅವರು ಅಂದುಕೊಂಡದ್ದಕ್ಕೆ ಉಲ್ಟಾ ಆಗುವುದು ಏನಾದರೂ ಇದ್ದರೆ, ಅದು ಬೇಕೇ ಬೇಕು. ಸಿಂಕ್ ವಿಷಯದಲ್ಲಿ ಅಂಥದ್ದು ಒಂದು ಇದೆ.

ಒಂದು ಕಡೆ ಫೋಟೋ ಸೇರಿಸಿದರೆ ಎಲ್ಲ ಕಡೆ ಬರುತ್ತದೆ ಅನ್ನುವುದನ್ನು ಜನ ತಾವೇ ಊಹಿಸುತ್ತಾರೆ. ಒಂದು ಕಡೆ ಅಳಿಸಿದರೆ ಎಲ್ಲ ಕಡೆ ಹೋಗುತ್ತದೆ ಅನ್ನುವುದನ್ನು ಊಹಿಸುವುದಿಲ್ಲ. ಯಾಕೆಂದರೆ ಅವರ ತಲೆಯಲ್ಲಿರುವುದು ಬ್ಯಾಕಪ್. ‘ಮೇಲೆ ಒಂದು ಕಾಪಿ ಇದೆಯಲ್ಲ, ಫೋನಿಂದ ತೆಗೆದರೆ ಏನಂತೆ?’ ಅನ್ನುವ ಲೆಕ್ಕ. ಸಿಂಕ್‌ನ ಲೆಕ್ಕವೇ ಬೇರೆ. ಅದಕ್ಕೆ ಅಳಿಸುವುದೂ ಒಂದು ಬದಲಾವಣೆ ಅಷ್ಟೇ. ಫೋನು ‘ಈ ಫೋಟೋ ತೆಗೆದರು’ ಎಂದು ಸರ್ವರ್‌ಗೆ ತಿಳಿಸುತ್ತದೆ. ಸರ್ವರ್ ಆ ಗುರುತನ್ನು ಇಟ್ಟುಕೊಂಡು ಉಳಿದ ಸಾಧನಗಳಿಗೆ ದಾಟಿಸುತ್ತದೆ. ಎಂಜಿನಿಯರ್‌ಗಳು ಈ ಗುರುತಿಗೆ ಟೂಮ್‌ಸ್ಟೋನ್, ಅಂದರೆ ಗೋರಿಕಲ್ಲು ಎಂದೇ ಹೆಸರಿಟ್ಟಿದ್ದಾರೆ. ವಾರದಿಂದ ಆಫ್ ಆಗಿದ್ದ ಟ್ಯಾಬ್ ಕೂಡ ನೆಟ್ ಸಿಕ್ಕ ಮೇಲೆ ಆ ಗುರುತು ನೋಡಿ ತನ್ನಲ್ಲಿರುವ ಫೋಟೋವನ್ನು ತೆಗೆದುಹಾಕುತ್ತದೆ.

ಇದನ್ನು ನಾನು ಕಲಿತದ್ದು ಪುಸ್ತಕದಿಂದ ಅಲ್ಲ. ವರ್ಷಗಳ ಹಿಂದೆ ಒಂದು ಕಂಪನಿಯಲ್ಲಿ ಇಂಥದ್ದೇ ಸ್ವಿಚ್ ಕೆಳಗೆ ‘ನಿಮ್ಮ ನೆನಪುಗಳು ಎಲ್ಲೆಡೆ ಸುರಕ್ಷಿತ’ ಎಂದು ಬರೆದವನು ನಾನೇ. ಎಲ್ಲರೂ ಹೊಗಳಿದರು. ಆಮೇಲೆ ಗ್ರಾಹಕರೊಬ್ಬರ ದೂರು ಬಂತು. ಫೋನ್ ತುಂಬಿತ್ತಂತೆ. ‘ಎಲ್ಲೆಡೆ ಸುರಕ್ಷಿತ’ ಅಂತ ನೀವೇ ಹೇಳಿದ್ದೀರಲ್ಲ ಎಂದು ಫೋನಿನಲ್ಲಿದ್ದ ಫೋಟೋಗಳನ್ನೆಲ್ಲ ಅಳಿಸಿದ್ದರು. ಜಾಗ ಇನ್ನೂ ಬಿಡುವಾಗಲಿಲ್ಲ ಎಂದು ಟ್ರ್ಯಾಶ್ ಕೂಡ ಖಾಲಿ ಮಾಡಿದ್ದರು. ಆ್ಯಪ್ ಸರಿಯಾಗೇ ಕೆಲಸ ಮಾಡಿತ್ತು. ಕೆಟ್ಟದ್ದು ನನ್ನ ಸಾಲು. ಆ ದಿನದಿಂದ ‘ಸುರಕ್ಷಿತ’ ಅನ್ನುವ ಪದ ಕಂಡರೆ ನನಗೆ ಮೈ ಉರಿಯುತ್ತದೆ.

ಈಗ ನಿಮ್ಮ ಸಾಲಿಗೆ ಬರೋಣ. ಎಂಜಿನಿಯರ್ ಕೊಟ್ಟದ್ದು ಹೆಚ್ಚುಕಡಿಮೆ ಹೀಗಿರುತ್ತದೆ:

‘ಸಿಂಕ್ ಸಕ್ರಿಯಗೊಳಿಸಿದಾಗ ಸಾಧನಗಳ ನಡುವೆ ಮಾಧ್ಯಮ ಲೈಬ್ರರಿಯು ಸ್ವಯಂಚಾಲಿತವಾಗಿ ಸಮನ್ವಯಗೊಳ್ಳುತ್ತದೆ.’

ಇದರಲ್ಲಿ ಸುಳ್ಳಿಲ್ಲ, ಸುದ್ದಿಯೂ ಇಲ್ಲ. ‘ಸಮನ್ವಯ’ದ ಒಳಗೆ ಅಳಿಸುವುದೂ ಸೇರಿದೆ ಎಂದು ಬರೆದವರಿಗೆ ಮಾತ್ರ ಗೊತ್ತು. ನಾನಾಗಿದ್ದರೆ ಮೊದಲ ಸುತ್ತಿನಲ್ಲಿ ಹೀಗೆ ಬರೆಯುತ್ತಿದ್ದೆ:

‘ಇಲ್ಲಿ ಸೇರಿಸಿದ ಫೋಟೋ ನಿಮ್ಮ ಎಲ್ಲ ಸಾಧನಗಳಿಗೂ ಬರುತ್ತದೆ. ಇಲ್ಲಿ ಅಳಿಸಿದರೆ ಎಲ್ಲದರಿಂದಲೂ ಹೋಗುತ್ತದೆ.’

ಚೆನ್ನಾಗಿದೆ ಅನ್ನಿಸುತ್ತದೆ, ಅಲ್ವಾ? ಇದನ್ನು ಐದಾರು ಜನರಿಗೆ ತೋರಿಸಿ. ‘ಅರ್ಥ ಆಯ್ತಾ’ ಎಂದು ಮಾತ್ರ ಕೇಳಬೇಡಿ. ಯಾರೂ ಇಲ್ಲ ಅನ್ನುವುದಿಲ್ಲ, ನಿಮ್ಮ ಮುಖ ನೋಡಿಯೇ ತಲೆಯಾಡಿಸುತ್ತಾರೆ. ಸಾಲನ್ನು ಕೈಯಿಂದ ಮುಚ್ಚಿ ಕೇಳಿ: ‘ಫೋನಿನಲ್ಲಿ ಈ ಫೋಟೋ ಅಳಿಸಿದ್ದೀರಿ. ನಾಳೆ ಕಂಪ್ಯೂಟರ್‌ನಲ್ಲಿ ಲಾಗಿನ್ ಆಗಿ ನೋಡಿದರೆ ಅದು ಇರುತ್ತದಾ?’ ಮುಂದೆ ಏನಾಗುತ್ತದೆ ಎಂದು ಅವರು ಸರಿಯಾಗಿ ಹೇಳಿದರೆ ಸಾಲು ಪಾಸು. ನಾನು ಹೀಗೆ ಕೇಳಿದಾಗ ಸಿಕ್ಕಿಬಿದ್ದದ್ದು ‘ಸಾಧನ’ ಅನ್ನುವ ಪದ. ಸಾಧನ ಅಂದರೆ ಕೈಯಲ್ಲಿ ಹಿಡಿಯುವಂಥದ್ದು, ಕ್ಲೌಡ್ ಸಾಧನ ಅಲ್ಲವಲ್ಲ, ಅಲ್ಲಿರುವ ಕಾಪಿ ಹಾಗೇ ಇರುತ್ತದೆ ಎಂದರು. ಅವರ ತರ್ಕದಲ್ಲಿ ತಪ್ಪೇನಿಲ್ಲ. ಹಾಗಾಗಿ ಎರಡನೇ ಸುತ್ತು:

‘ಇಲ್ಲಿ ಅಳಿಸಿದ ಫೋಟೋ ಕ್ಲೌಡ್‌ನಿಂದಲೂ ನಿಮ್ಮ ಬೇರೆ ಫೋನ್, ಟ್ಯಾಬ್, ಕಂಪ್ಯೂಟರ್‌ಗಳಿಂದಲೂ ಹೋಗುತ್ತದೆ.’

ಸೇರಿಸುವ ಮಾತನ್ನು ಪೂರ್ತಿ ಬಿಟ್ಟಿದ್ದೇನೆ, ಗಮನಿಸಿ. ಸ್ವಿಚ್‌ನ ಹೆಸರನ್ನೇ ‘ಎಲ್ಲ ಸಾಧನಗಳಲ್ಲೂ ಒಂದೇ ಫೋಟೋಗಳು’ ಎಂದು ಇಟ್ಟರೆ ಆ ಕೆಲಸ ಅಲ್ಲೇ ಮುಗಿಯಿತು. ‘ಇದು ಹೆದರಿಸುವ ಹಾಗಿದೆ, ಯಾರೂ ಆನ್ ಮಾಡಲ್ಲ’ ಎಂದು ಮಾರ್ಕೆಟಿಂಗ್‌ನವರು ತಕರಾರು ತೆಗೆಯುತ್ತಾರೆ. ತೆಗೆಯಲಿ. ಫೋಟೋ ಕಳೆದುಕೊಂಡವರ ಫೋನ್ ಕರೆ ಅವರಿಗೆ ಬರುವುದಿಲ್ಲ.

ಅಳಿಸಿದ ಫೋಟೋ ಟ್ರ್ಯಾಶ್‌ನಲ್ಲಿ ಕೆಲವು ದಿನ ಇರುತ್ತದೆಯಲ್ಲ, ಅದನ್ನೂ ಇಲ್ಲೇ ಹೇಳಬೇಕಾ ಎಂದು ಮುಂದಿನ ಪ್ರಶ್ನೆ ಬರುತ್ತದೆ. ಬೇಡ. ಐಕ್ಲೌಡ್ ಫೋಟೋಸ್‌ನಲ್ಲಿ ಅದು 30 ದಿನ, ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿರುವ ಫೋಟೋಗೆ 60 ದಿನ. ನಿಮ್ಮದರಲ್ಲಿ ಎಷ್ಟು ದಿನವೋ ಅದನ್ನು ಅಳಿಸುವಾಗ ಬರುವ ಪೆಟ್ಟಿಗೆಯಲ್ಲಿ ಹೇಳಿ. ಸ್ವಿಚ್ ಆನ್ ಮಾಡುವಾಗ ಓದಿದ ಅಂಕಿ ಆರು ತಿಂಗಳ ಮೇಲೆ ಯಾರಿಗೆ ನೆನಪಿರುತ್ತದೆ?

‘ಹಾಗಾದರೆ ಫೋನಿನಲ್ಲಿ ಜಾಗ ಮಾಡಿಕೊಳ್ಳೋದು ಹೇಗೆ’ ಅನ್ನುವುದು ನ್ಯಾಯವಾದ ಪ್ರಶ್ನೆ. ಅದಕ್ಕೆ ಬೇರೆ ಬಟನ್ ಇರಬೇಕು. ಅದರ ಕೆಳಗಿನ ಸಾಲಲ್ಲೇ ನಾನು ಇನ್ನೊಂದು ಪೆಟ್ಟು ತಿಂದೆ. ನಾನು ಬರೆದದ್ದು ಇದು:

‘ಈ ಫೋನಿನಿಂದ ಮಾತ್ರ ತೆಗೆಯುತ್ತೇವೆ. ಕ್ಲೌಡ್‌ನಲ್ಲಿರುವ ಫೋಟೋ ಅಳಿಸಿಹೋಗುವುದಿಲ್ಲ.’

ನನ್ನ ಕಂಪ್ಯೂಟರ್‌ನಲ್ಲಿ ಚೆನ್ನಾಗೇ ಕಾಣುತ್ತಿತ್ತು. ಅಕ್ಷರ ದೊಡ್ಡದು ಮಾಡಿಕೊಂಡಿದ್ದ ಒಬ್ಬರ ಫೋನಿನಲ್ಲಿ ಅದೇ ಸಾಲು ಹೀಗೆ ಕಂಡಿತು:

‘ಈ ಫೋನಿನಿಂದ ಮಾತ್ರ ತೆಗೆಯುತ್ತೇವೆ. ಕ್ಲೌಡ್‌ನಲ್ಲಿರುವ ಫೋಟೋ ಅಳಿಸಿಹೋಗು…’

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ಇಲ್ಲ’ ಅನ್ನುವುದು ಅದರ ಬಾಲಕ್ಕೆ ಅಂಟಿಕೊಂಡು ಬರುತ್ತದೆ. ಜಾಗ ಸಾಲದೆ ಸಾಲು ತುಂಡಾದರೆ ಮೊದಲು ಹೋಗುವುದು ಆ ‘ಇಲ್ಲ’ವೇ. ಆಗ ಅರ್ಥ ತಲೆಕೆಳಗಾಗುತ್ತದೆ. ಆದ್ದರಿಂದ ಕ್ಯಾಪ್ಷನ್‌ನ ಕೊನೆಯಲ್ಲಿ ‘ಇಲ್ಲ’ದ ಮೇಲೆ ಭಾರ ಹಾಕಬೇಡಿ. ಅದೇ ಮಾತನ್ನು ತಿರುಗಿಸಿ ‘ಕ್ಲೌಡ್‌ನಲ್ಲಿ ಉಳಿಯುತ್ತದೆ’ ಅನ್ನಿ. ‘ಕ್ಲೌಡ್‌ನಲ್ಲಿ ಉಳಿ…’ ಎಂದು ತುಂಡಾದರೂ ಅರ್ಥ ಉಳಿಯುತ್ತದೆ. ಜೊತೆಗೆ, ಸಾಲು ತುಂಡಾಗದೆ ಕೆಳಗಿನ ಸಾಲಿಗೆ ಇಳಿಯುವ ಹಾಗೆ ಮಾಡಲು ಡೆವಲಪರ್‌ಗೆ ಹೇಳಿ. ಅಕ್ಷರದ ಗಾತ್ರವನ್ನು ಫೋನಿನ ಅತಿ ದೊಡ್ಡ ಸೆಟ್ಟಿಂಗ್‌ಗೆ ಏರಿಸಿ ನೀವೇ ಒಮ್ಮೆ ನೋಡಿ. ಡಿಸೈನರ್ ಕಳಿಸಿದ ಚಿತ್ರ ನೋಡಿ ಒಪ್ಪಿಗೆ ಕೊಡಬೇಡಿ.

ಕೊನೆಗೆ ಒಂದು ಕೋರಿಕೆ: ದಯವಿಟ್ಟು ಹೋಲಿಕೆ ಕೊಡಬೇಡಿ. ಜನಸಾಮಾನ್ಯರಿಗೆ ಬರೆಯುವುದು ಹೇಗೆ ಎಂದು ಒಂದು ದಿನದ ಕ್ಲಾಸು ಮಾಡಿ ದುಡ್ಡು ಎಣಿಸುವ ಪಂಡಿತರು ‘ಸಿಂಕ್ ಅಂದ್ರೆ ಕನ್ನಡಿ ಇದ್ದ ಹಾಗೆ’, ‘ಕ್ಲೌಡ್ ಅಂದ್ರೆ ಲಾಕರ್ ಇದ್ದ ಹಾಗೆ’ ಎಂದು ಹೇಳಿಕೊಡುತ್ತಾರೆ. ಲಾಕರ್‌ನಲ್ಲಿ ಒಂದು ಕಾಗದದ ನಕಲು ಇಟ್ಟಿದ್ದೀರಿ. ಮನೆಯಲ್ಲಿದ್ದದ್ದನ್ನು ಹರಿದು ಹಾಕಿದರೆ ಲಾಕರ್‌ನಲ್ಲಿರುವುದು ಹೋಗುತ್ತದಾ? ಇಲ್ಲ. ಸಿಂಕ್‌ನಲ್ಲಿ ಹೋಗುತ್ತದೆ. ಯಾವ ತಪ್ಪು ನಂಬಿಕೆಯನ್ನು ಬಿಡಿಸಬೇಕಿತ್ತೋ ಅದನ್ನೇ ಲಾಕರ್ ಗಟ್ಟಿ ಮಾಡಿತು. ಮಾತಿನಲ್ಲಿ ಹೋಲಿಕೆ ಕೊಟ್ಟರೆ ‘ಆದರೆ ಒಂದು ವ್ಯತ್ಯಾಸ ಇದೆ’ ಎಂದು ತಿದ್ದಿಕೊಳ್ಳಬಹುದು. ಎರಡು ಸಾಲಿನಲ್ಲಿ ಆ ‘ಆದರೆ’ಗೆ ಜಾಗ ಎಲ್ಲಿದೆ?

ಪ್ರಶ್ನೆ: ಸಾಲು ಸುಲಭವಾಗಿದೆಯಾ ಅಂತ ನಂಬರ್ ಕೊಡೋ ರೀಡಬಿಲಿಟಿ ಟೂಲ್ ತಗೊಂಡಿದ್ದೀವಿ. ನಮ್ಮ ಕನ್ನಡ ಸಾಲುಗಳೆಲ್ಲ ಫೇಲ್ ಆಗ್ತಿವೆ. ಇನ್ನೂ ಸರಳ ಮಾಡಬೇಕಾ?

ಟೂಲ್ ಮಾರಿದವರನ್ನು ಕರೆಸಿ ಬೈಯಿರಿ. ಬಹುಪಾಲು ಇಂಥ ಟೂಲ್‌ಗಳ ಹೊಟ್ಟೆಯಲ್ಲಿ ಇರುವುದು ರುಡಾಲ್ಫ್ ಫ್ಲೆಷ್ 1948ರಲ್ಲಿ ಇಂಗ್ಲಿಷ್‌ಗೆಂದು ಮಾಡಿದ ಸೂತ್ರ. ಪದ ಉದ್ದವಾದಷ್ಟೂ ಅದು ಅಂಕ ಕಳೆಯುತ್ತದೆ. ‘ಅಳಿಸಿದ ಫೋಟೋಗಳು ಮರಳಿ ಸಿಗುವುದಿಲ್ಲ’ ಅನ್ನುವ ಸಾಲನ್ನು ಕೈಯಾರೆ ಲೆಕ್ಕ ಹಾಕಿ ನೋಡಿದೆ. 4 ಪದ, 16 ಉಚ್ಚಾರದ ತುಣುಕು. ಅಂಕ ಸುಮಾರು ಮೈನಸ್ 136. ನೂರರ ಹತ್ತಿರ ಬಂದರೆ ಸುಲಭ, ಸೊನ್ನೆಯ ಹತ್ತಿರ ಹೋದರೆ ತೀರಾ ಕಷ್ಟ ಅನ್ನುವುದು ಆ ಅಳತೆಗೋಲು. ಶಾಲೆಗೆ ಹೋಗುವ ಮಗುವಿಗೂ ತಿಳಿಯುವ ಸಾಲಿಗೆ ಮೈನಸ್ 136. ಪ್ರತ್ಯಯ ಅಂಟಿಸಿಕೊಂಡು ಪದ ಬೆಳೆಸುವ ಭಾಷೆಗೆ ಆ ಕೋಲು ತಾಗುವುದೇ ಇಲ್ಲ.

ಪ್ರಶ್ನೆ: ‘ಕ್ಷ’ ಅನ್ನೋದನ್ನ ನಮ್ಮ ಸಾಫ್ಟ್‌ವೇರ್ ಮೂರು ಅಕ್ಷರ ಅಂತ ಎಣಿಸುತ್ತೆ. ಕ್ಯಾಪ್ಷನ್‌ಗೆ 60 ಅಕ್ಷರದ ಮಿತಿ ಇದೆ. ಏನು ಮಾಡೋದು?

ಕ, ಅದರ ಸ್ವರ ತೆಗೆಯುವ ಹಲಂತದ ಗುರುತು, ಷ ಎಂದು ಯೂನಿಕೋಡ್‌ನಲ್ಲಿ ಅದು ಮೂರೇ. ತೆರೆಯ ಮೇಲೆ ಎಷ್ಟು ಅಗಲ ಬರುತ್ತದೆ ಎಂದು ಅಳೆದು ಮಿತಿ ಹಾಕಲು ಹೇಳಿ. ಎಣಿಸಿ ಪ್ರಯೋಜನ ಇಲ್ಲ.

ಪ್ರಶ್ನೆ: ಬ್ರೌಸರ್‌ನ ಇನ್‌ಕಾಗ್ನಿಟೋಗೆ ‘ಯಾರಿಗೂ ತಿಳಿಯದಂತೆ ನೋಡಿ’ ಅಂತ ಬರೆದಿದ್ದೀನಿ. ಓಕೆ ತಾನೆ?

ಅಲ್ಲ, ಸುಳ್ಳು. ‘ನೋಡಿದ ಪುಟಗಳ ಪಟ್ಟಿ ಈ ಬ್ರೌಸರ್‌ನಲ್ಲಿ ಉಳಿಯದು. ವೆಬ್‌ಸೈಟ್ ಮತ್ತು ನೆಟ್ ಕೊಡುವವರಿಗೆ ಕಾಣಬಹುದು.’ ಹೀಗೆ ಬರೆಯಿರಿ.

ಪ್ರಶ್ನೆ: ಕಷ್ಟದ ವಿಷಯ ಎಲ್ಲ ‘ಇನ್ನಷ್ಟು ತಿಳಿಯಿರಿ’ ಲಿಂಕ್‌ನಲ್ಲಿ ಹಾಕಿ ಕ್ಯಾಪ್ಷನ್ ಸುಮ್ನೆ ಚಿಕ್ಕದಾಗಿ ಇಟ್ಟರೆ ಆಗಲ್ವಾ?

ನೀವು ಕೊನೆಯ ಸಲ ಆ ಲಿಂಕ್ ಒತ್ತಿದ್ದು ಯಾವಾಗ? ದಿನಗಳ ಲೆಕ್ಕ, ಯಾವ ಫೋನಿನಲ್ಲಿ ನಡೆಯುತ್ತದೆ ಅನ್ನುವ ಪಟ್ಟಿ, ಇವೆಲ್ಲ ಲಿಂಕ್‌ನಲ್ಲಿರಲಿ. ಫೋಟೋ, ಹಣ, ಮೆಸೇಜು, ಇವುಗಳಲ್ಲಿ ಮರಳಿ ಸಿಗದ ಹಾಗೆ ಹೋಗುವುದು ಏನಾದರೂ ಇದ್ದರೆ ಅದು ಕ್ಯಾಪ್ಷನ್‌ನಲ್ಲೇ, ಮೊದಲ ಸಾಲಿನಲ್ಲೇ ಇರಬೇಕು. ಜಾಗ ಸಾಲದಿದ್ದರೆ ಡಿಸೈನರ್ ಹತ್ತಿರ ಮೂರನೇ ಸಾಲು ಕೇಳಿ. ಕೊಡುತ್ತಾರೆ. ನಾನು ಕೇಳಿದಾಗಲೆಲ್ಲ ಮೊದಲು ಆಗಲ್ಲ ಎಂದು, ಆಮೇಲೆ ಕೊಟ್ಟಿದ್ದಾರೆ.