ಕಾಣುವುದಕ್ಕಿಂತ ಹೆಚ್ಚು ಷೇರು ಕೈಬದಲಾದರೂ ಬೆಲೆ ಕದಲದಿದ್ದರೆ

ಪ್ರಶ್ನೆ: ಆರ್ಡರ್ ಬುಕ್‌ನಲ್ಲಿ 100ರ ಬೆಲೆಗೆ ಎರಡು ಸಾವಿರದಷ್ಟೂ ಬಿಡ್ ಕಾಣುತ್ತಿರಲಿಲ್ಲ. ಒಮ್ಮೆಗೇ ಐದು ಸಾವಿರ ಷೇರು ಮಾರಾಟವಾದರೂ ಬೆಲೆ ಇಳಿಯಲಿಲ್ಲ. ಇದು ಐಸ್‌ಬರ್ಗ್ ಆರ್ಡರೇ? ದೊಡ್ಡ ಟ್ರೇಡರ್‌ಗಳು ತಮ್ಮ ಪೂರ್ತಿ ಗಾತ್ರವನ್ನು ಹೇಗೆ ಮರೆಮಾಡುತ್ತಾರೆ?

ಐಸ್‌ಬರ್ಗ್, ಅಂದರೆ ಒಟ್ಟು ಗಾತ್ರದ ಒಂದು ಭಾಗ ಮಾತ್ರ ಪರದೆಯಲ್ಲಿ ಕಾಣುವ ಆರ್ಡರ್, ಆಗಿರುವ ಸಂಭವವೇ ಹೆಚ್ಚು. ಪೂರ್ತಿ ಮರೆಯಾಗಿರುವ ಆರ್ಡರ್‌ಗಳನ್ನು ಒಪ್ಪುವ ಎಕ್ಸ್‌ಚೇಂಜ್‌ಗಳೂ ಇರುವುದರಿಂದ, ಈ ಒಂದು ವಹಿವಾಟನ್ನು ಮಾತ್ರ ನೋಡಿ ಖಚಿತವಾಗಿ ಹೇಳಲಾಗದು. ದೊಡ್ಡ ಆರ್ಡರ್‌ಗಳನ್ನು ಮಾರುಕಟ್ಟೆಗೆ ಇಳಿಸುವ ಡೆಸ್ಕ್‌ನಲ್ಲಿ ನಾನು ಕೆಲವು ವರ್ಷ ಕೆಲಸ ಮಾಡಿದ್ದೇನೆ. ಈ ವಿಷಯದಲ್ಲಿ ಹೆಚ್ಚಿನವರು ಗಮನಿಸದೆ ಬಿಡುವುದು ಸರದಿಯ ಲೆಕ್ಕವನ್ನು. ಆದ್ದರಿಂದ ಅದನ್ನೇ ತುಸು ವಿವರವಾಗಿ ಹೇಳುತ್ತೇನೆ.

ಒಬ್ಬರು 100ರ ಬೆಲೆಗೆ 50,000 ಷೇರು ಕೊಳ್ಳಬೇಕಾಗಿದ್ದು, ಒಂದು ಸಲಕ್ಕೆ 1,000 ಮಾತ್ರ ಕಾಣಲಿ ಎಂದು ಎಕ್ಸ್‌ಚೇಂಜ್‌ಗೆ ಸೂಚಿಸಿದ್ದಾರೆ ಎಂದುಕೊಳ್ಳಿ. ಸರದಿಯಲ್ಲಿ ಅವರ ಮುಂದೆ 600ರ ಒಂದು ಬಿಡ್ ಇದೆ, ಹಿಂದೆ 800 ಮತ್ತು 500ರ ಎರಡು ಬಿಡ್‌ಗಳಿವೆ. ಪರದೆಯ ಮೇಲೆ ಒಟ್ಟು 2,900 ಕಾಣುತ್ತದೆ. ಈಗ 2,000 ಷೇರುಗಳ ಮಾರಾಟದ ಆರ್ಡರ್ ಬರುತ್ತದೆ. ಅದು ಮೊದಲ 600, ಐಸ್‌ಬರ್ಗ್‌ನ 1,000, ಬಳಿಕ ಮೂರನೆಯವರ 400 ಷೇರುಗಳ ಬೇಡಿಕೆಯನ್ನು ಪೂರೈಸಿ ಮುಗಿಯುತ್ತದೆ. ಲೆಕ್ಕದ ಪ್ರಕಾರ ಉಳಿಯಬೇಕಾದದ್ದು 900, ಆದರೆ ಪರದೆಯಲ್ಲಿ 1,900 ಉಳಿದಿರುತ್ತದೆ. ಐಸ್‌ಬರ್ಗ್‌ನ ಮುಂದಿನ ಕಂತಾದ 1,000 ಮೇಲಕ್ಕೆ ಬಂದಿದೆ. ಆದರೆ ಹೊಸ ಸಮಯದ ಮುದ್ರೆಯೊಂದಿಗೆ, ಸರದಿಯ ಕೊನೆಯಲ್ಲಿ. ಮರೆಮಾಡಿದ್ದಕ್ಕೆ ತೆರಬೇಕಾದ ಬೆಲೆ ಇದೇ. ಪೂರ್ತಿ 50,000 ತೋರಿಸಿದ್ದರೆ ಅವರ ಸ್ಥಾನ ಎಲ್ಲಿತ್ತೋ ಅಲ್ಲೇ ಇರುತ್ತಿತ್ತು.

ಈಗ ನೀವು ಕಂಡ 5,000ದ ಮಾರಾಟ ಬಂದಿತೆನ್ನಿ. ಎದುರಿಗೆ ಕಾಣುವ 400, 500, 1,000 ಮುಗಿದ ಮೇಲೂ ಅದರಲ್ಲಿ 3,100 ಉಳಿಯುತ್ತದೆ. ಹಲವು ಎಕ್ಸ್‌ಚೇಂಜ್‌ಗಳಲ್ಲಿ, ಆ ಬೆಲೆಯಲ್ಲಿ ಕಾಣುವುದೆಲ್ಲ ತೀರಿದ ಮೇಲೆ ಅದೇ ಬೆಲೆಯಲ್ಲಿ ಅಡಗಿರುವುದು ಹೊರಬರುತ್ತದೆ. ಅದೂ ಮುಗಿಯುವವರೆಗೆ ಮಾರಾಟವು ಕೆಳಗಿನ ಬೆಲೆಗೆ ಇಳಿಯುವುದಿಲ್ಲ. ಹಾಗಾಗಿ ಉಳಿದ 3,100 ಷೇರುಗಳನ್ನೂ ಐಸ್‌ಬರ್ಗ್ ಒಂದೇ ಕೊಳ್ಳುತ್ತದೆ, ಕೊನೆಯ ಕಂತಿನಲ್ಲಿ 900 ಪರದೆಯ ಮೇಲೆ ನಿಲ್ಲುತ್ತದೆ. 1,900 ಕಾಣುತ್ತಿದ್ದಲ್ಲಿ 5,000 ಕೈಬದಲಾಗಿ, ಬೆಲೆ ಮಾತ್ರ ಕದಲದೆ ಇರುವುದು ಹೀಗೆ.

ಕಂತು ಎಷ್ಟಿರಬೇಕು ಎಂಬುದೇ ಡೆಸ್ಕ್‌ನಲ್ಲಿ ಅತಿ ಹೆಚ್ಚು ಯೋಚಿಸಿ ತೀರ್ಮಾನಿಸುವ ಸಂಗತಿ. ಚಿಕ್ಕದಾದರೆ ಮತ್ತೆ ಮತ್ತೆ ಸರದಿಯ ಕೊನೆಗೆ ಹೋಗಬೇಕಾಗುತ್ತದೆ, ಸಣ್ಣ ಸಣ್ಣ ಮಾರಾಟಗಳೆಲ್ಲ ಮುಂದಿನವರ ಪಾಲಾಗುತ್ತವೆ. ದೊಡ್ಡದಾದರೆ ಮರೆಮಾಡಿದ ಉದ್ದೇಶವೇ ಕೆಡುತ್ತದೆ. ಆ ಬೆಲೆಯಲ್ಲಿ ಇತರರು ಸಾಮಾನ್ಯವಾಗಿ ಇಡುವ ಗಾತ್ರಕ್ಕೆ ಹತ್ತಿರವಾಗಿರುವುದೇ ಸೂಕ್ತ ಎಂಬುದು ನನ್ನ ಅಭಿಪ್ರಾಯ. ಸುತ್ತಲಿನವರು ಮುನ್ನೂರು, ಐನೂರು ಇಟ್ಟಿರುವಾಗ ಪ್ರತಿ ಸಲವೂ ಸರಿಯಾಗಿ 1,000 ಮೂಡಿದರೆ ಗುರುತು ಸಿಕ್ಕಿಬಿಡುತ್ತದೆ. ಗುರುತು ಹಿಡಿದವರು 100ಕ್ಕಿಂತ ಒಂದೇ ಟಿಕ್ ಮೇಲೆ ತಮ್ಮ ಬಿಡ್ ಇಟ್ಟು ಮುಂದೆ ನಿಲ್ಲುತ್ತಾರೆ: ಬೆಲೆ ಏರಿದರೆ ಲಾಭ ಅವರದು, ಇಳಿಯುವಂತೆ ಕಂಡರೆ ಕೆಳಗಿರುವ ಐಸ್‌ಬರ್ಗ್‌ಗೇ ಮಾರಿ, ಒಂದು ಟಿಕ್‌ನಷ್ಟು ನಷ್ಟದಲ್ಲಿ ಹೊರಬರುತ್ತಾರೆ. ಇದನ್ನು ತಪ್ಪಿಸಲು ಕಂತನ್ನು 700ರಿಂದ 1,300ರೊಳಗೆ ಯಾದೃಚ್ಛಿಕವಾಗಿ ಬದಲಿಸುವುದುಂಟು. ಗಾತ್ರದ ಗುರುತು ಅದರಿಂದ ಅಳಿಸುತ್ತದೆ ನಿಜ, ಆದರೆ ಕಂಡದ್ದಕ್ಕಿಂತ ಹೆಚ್ಚು ಮಾರಾಟವಾಯಿತು ಎಂಬ ಲೆಕ್ಕ ಅಳಿಸುವುದಿಲ್ಲ.

ಎಕ್ಸ್‌ಚೇಂಜ್ ಬದಲು ಟ್ರೇಡರ್‌ನ ಸಾಫ್ಟ್‌ವೇರೇ ಕಂತುಗಳನ್ನು ಕಳಿಸುವ ಕ್ರಮವೂ ಇದೆ. ಅಲ್ಲಿ ಒಂದು ಕಂತು ಮುಗಿದ ಸುದ್ದಿ ಬಂದ ನಂತರವೇ ಹೊಸ ಆರ್ಡರ್ ಹೊರಡುವುದರಿಂದ ಕೆಲವು ಮಿಲಿಸೆಕೆಂಡ್‌ಗಳಷ್ಟಾದರೂ ಅಂತರ ಬೀಳುತ್ತದೆ. ಆ ಅಂತರದಲ್ಲಿ ಎಕ್ಸ್‌ಚೇಂಜ್‌ನಲ್ಲಿ ಅಡಗಿರುವುದು ಏನೂ ಇಲ್ಲ. ನೀವು ಕಂಡಂತಹ 5,000ದ ಮಾರಾಟ ಬಂದಿದ್ದರೆ ಅದು ಕಾಣುವ 1,900ನ್ನು ಮುಗಿಸಿ, ತನ್ನ ಮಿತಿ ಬೆಲೆ ಅನುಮತಿಸಿದಷ್ಟು ಕೆಳಗಿಳಿಯುತ್ತಿತ್ತು. ಹಾಗಾಗದ ಕಾರಣ ನಿಮ್ಮದು ಈ ಬಗೆಯದಲ್ಲ.

ಖಚಿತಪಡಿಸಿಕೊಳ್ಳಲು, ಆ ಮಾರಾಟದ ನಂತರದ ಕೆಲವು ನಿಮಿಷಗಳ ದಾಖಲೆಯನ್ನು ನೋಡಿ. ಪ್ರತಿ ಸಲ ಬಿಡ್ ತೀರಿದ ಕ್ಷಣದಲ್ಲೇ, ಅದೇ ಬೆಲೆಯಲ್ಲಿ, ಸರದಿಯ ಕೊನೆಗೆ ಹೊಸದು ಮೂಡಿದ್ದರೆ ಐಸ್‌ಬರ್ಗ್ ಎನ್ನಬಹುದು. ಯಾವ ಮಾರಾಟವೂ ನಡೆಯದಿದ್ದಾಗಲೂ ಹೊಸ ಬಿಡ್‌ಗಳು ಬೇರೆ ಬೇರೆ ಗಾತ್ರದಲ್ಲಿ ಬಂದು ಸೇರುತ್ತಿದ್ದರೆ, ಅವು ಬೇರೆ ಬೇರೆ ಜನರ ಆರ್ಡರ್‌ಗಳಾಗಿರಬಹುದು. ಇನ್ನು, ಮರುತುಂಬುವುದು ಥಟ್ಟನೆ ನಿಂತು, ಬೆಲೆ 100ನ್ನು ದಾಟಿ ಕೆಳಗಿಳಿದಿದ್ದರೆ ಆರ್ಡರ್ ಪೂರ್ತಿಯಾಗಿದೆ ಅಥವಾ ಉಳಿದದ್ದನ್ನು ರದ್ದು ಮಾಡಲಾಗಿದೆ. ಇವೆರಡರಲ್ಲಿ ಯಾವುದು ಎಂಬುದು ಹೊರಗಿನಿಂದ ನೋಡುವವರಿಗೆ ತಿಳಿಯುವುದಿಲ್ಲ.